‘ಎಡಗಣ್ಣು ಮಂಜು’ ಎಂದವರಿಗೆ ತೊಂದರೆ ಇದ್ದದ್ದು ತಲೆಯ ಹಿಂಭಾಗದಲ್ಲಿ: ದೃಷ್ಟಿ ಎಲ್ಲಿ ತಪ್ಪಿತು ಎಂದು ಪತ್ತೆ ಮಾಡುವುದು ಹೇಗೆ?

“ಬಲಗಣ್ಣಿನ ಕನೆಕ್ಷನ್ ಎಡ ಮೆದುಳಿಗೆ, ಎಡಗಣ್ಣಿನ ಕನೆಕ್ಷನ್ ಬಲ ಮೆದುಳಿಗೆ.” ಚಂದದ ಚಿತ್ರದ ಜೊತೆ ಇಂಥ ಸಾಲುಗಳು ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಓಡಾಡುತ್ತವೆ. ಕೇಳಲು ಸರಿ ಎನಿಸುತ್ತದೆ. ಬಲಗೈಯನ್ನು ಎಡ ಮೆದುಳು ನಡೆಸುತ್ತದೆ ಎಂದು ಎಲ್ಲೋ ಓದಿರುತ್ತೇವೆ, ಹಾಗಾಗಿ ಕಣ್ಣಿಗೂ ಅದೇ ಲೆಕ್ಕ ಇರಬೇಕು ಅಂದುಕೊಳ್ಳುತ್ತೇವೆ.

ಆದರೆ ಕಣ್ಣಿನ ವಿಷಯದಲ್ಲಿ ಈ ಲೆಕ್ಕ ತಪ್ಪು. ಇದು ಕ್ವಿಜ್‌ನಲ್ಲಿ ಒಂದು ಅಂಕ ಹೋಗುವಷ್ಟಕ್ಕೇ ಮುಗಿಯುವ ತಪ್ಪೂ ಅಲ್ಲ. ಸ್ಟ್ರೋಕ್ ಆದ ಮನುಷ್ಯ ಆಸ್ಪತ್ರೆಗೆ ಹೋಗುವ ಬದಲು ಕನ್ನಡಕದ ಅಂಗಡಿಗೆ ಹೋಗುವಂತೆ ಮಾಡಬಲ್ಲ ತಪ್ಪು. ಅದು ಹೇಗೆ ಎಂದು ಒಂದು ಉದಾಹರಣೆಯಿಂದ ನೋಡೋಣ.

ಒಬ್ಬ ಮೇಷ್ಟ್ರ ಕಥೆ

ಇದು ವಿವರಣೆಗಾಗಿ ಕಟ್ಟಿಕೊಂಡ ಉದಾಹರಣೆ. ಆದರೆ ನರರೋಗ ವೈದ್ಯರು ಇಂಥವರನ್ನು ನೋಡುತ್ತಲೇ ಇರುತ್ತಾರೆ.

ನಿವೃತ್ತ ಮೇಷ್ಟ್ರೊಬ್ಬರಿಗೆ ವಯಸ್ಸು 64. ಬಿಪಿ ಇದೆ, ಮಾತ್ರೆ ನುಂಗುತ್ತಾರೆ. ಒಂದು ಬೆಳಗ್ಗೆ ಪೇಪರ್ ಹಿಡಿದಾಗ ಪ್ರತಿ ಸಾಲಿನ ಮೊದಲ ಪದ ಸಿಗುತ್ತಿಲ್ಲ. ಪದದ ಮೇಲೆ ಕಣ್ಣು ಬಿದ್ದರೆ ಓದಬಹುದು, ಆದರೆ ಒಂದು ಸಾಲು ಮುಗಿಸಿ ಎಡಕ್ಕೆ ಮರಳಿದಾಗ ಮುಂದಿನ ಸಾಲು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿಲ್ಲ. ಎದ್ದು ಅಡುಗೆಮನೆಗೆ ಹೋಗುವಾಗ ಎಡಭುಜ ಬಾಗಿಲ ಚೌಕಟ್ಟಿಗೆ ತಾಗಿತು. ಕೈಕಾಲಿನ ಶಕ್ತಿ ಚೆನ್ನಾಗಿದೆ, ಬಾಯಿ ಸೊಟ್ಟಗಾಗಿಲ್ಲ, ಮಾತು ಸ್ಪಷ್ಟ. ಸ್ವಲ್ಪ ತಲೆನೋವು ಅಷ್ಟೇ.

“ಎಡಗಣ್ಣು ಮಂಜಾಗಿದೆ ಕಣಮ್ಮ, ಪೊರೆ ಬಂದಿರಬೇಕು” ಎಂದು ಮಗಳಿಗೆ ಹೇಳಿ ಕನ್ನಡಕದ ಅಂಗಡಿಗೆ ಹೋದರು. ಅಲ್ಲಿ ಒಂದೊಂದೇ ಕಣ್ಣು ಮುಚ್ಚಿಸಿ ಅಕ್ಷರಗಳ ಪಟ್ಟಿ ಓದಿಸಿದರು. ಎರಡೂ ಕಣ್ಣಿನಲ್ಲಿ ಕೊನೆಯ ಸಾಲಿನವರೆಗೂ ಓದಿದರು. “ಸರ್, ದೃಷ್ಟಿ ಚೆನ್ನಾಗೇ ಇದೆ, ಪವರ್ ಬದಲಾಗಿಲ್ಲ” ಎಂದು ಕಳುಹಿಸಿದರು. ಎರಡು ದಿನ ಹಾಗೇ ಕಳೆಯಿತು. ಮೂರನೇ ದಿನ ಸ್ಕೂಟರ್‌ನಲ್ಲಿ ಹೊರಟವರು ಎಡಬದಿಯಲ್ಲಿ ನಿಂತಿದ್ದ ತಳ್ಳುಗಾಡಿಗೆ ಗುದ್ದಿದರು.

ಆಗ ಮಗಳಿಗೆ ಅನುಮಾನ ಬಂತು. ಅಪ್ಪನನ್ನು ಎದುರಿಗೆ ಕೂರಿಸಿ, “ಎಡಗಣ್ಣು ಪೂರ್ತಿ ಮುಚ್ಚಿ, ಬಲಗಣ್ಣಿಂದ ನನ್ನ ಮೂಗನ್ನೇ ನೋಡಿ” ಎಂದಳು. ಅಪ್ಪನ ಎಡಬದಿಗೆ ತನ್ನ ಕೈ ಚಾಚಿ ಎರಡು ಬೆರಳು ತೋರಿಸಿದಳು.

ಅವರಿಗೆ ಕಾಣಲಿಲ್ಲ.

ಕೆಟ್ಟಿದ್ದು ಎಡಗಣ್ಣಾಗಿದ್ದರೆ, ಅದನ್ನು ಮುಚ್ಚಿದ ಮೇಲೆ ಬಲಗಣ್ಣಿಗೆ ಆ ಬೆರಳು ಕಾಣಬೇಕಿತ್ತು. ಕಾಣಲಿಲ್ಲ ಎಂದರೆ ಎರಡೂ ಕಣ್ಣಿನ ನೋಟದಲ್ಲಿ ಎಡಭಾಗ ಹೋಗಿದೆ. ಮೇಷ್ಟ್ರು ‘ಎಡಗಣ್ಣು’ ಎಂದಿದ್ದು ನಿಜಕ್ಕೂ ‘ಎಡಬದಿ’ ಆಗಿತ್ತು.

ಬೆಳಕು ಕಣ್ಣಿನಿಂದ ಮುಂದೆ ಎಲ್ಲಿಗೆ ಹೋಗುತ್ತದೆ?

ಇದು ಅರ್ಥವಾಗಬೇಕಾದರೆ ಕಣ್ಣಿನಿಂದ ಹಿಂದಲೆಯವರೆಗಿನ ದಾರಿಯನ್ನು ಒಮ್ಮೆ ನಡೆದು ಬರಬೇಕು.

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ತೆಳು ಪದರವೇ ರೆಟಿನಾ, ಅಂದರೆ ಅಕ್ಷಿಪಟ. ಕಣ್ಣಿನ ಮಸೂರ ದೃಶ್ಯವನ್ನು ತಿರುವುಮುರುವು ಮಾಡಿ ಇದರ ಮೇಲೆ ಬೀಳಿಸುತ್ತದೆ. ಎಡಗಡೆ ಇರುವ ವಸ್ತು ಎರಡೂ ರೆಟಿನಾಗಳ ಬಲ ಅರ್ಧದ ಮೇಲೆ ಬೀಳುತ್ತದೆ, ಮೇಲಿರುವ ವಸ್ತು ಕೆಳ ಅರ್ಧದ ಮೇಲೆ ಬೀಳುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಪ್ರತಿ ರೆಟಿನಾದಿಂದ ಸುಮಾರು 10 ಲಕ್ಷಕ್ಕೂ ಹೆಚ್ಚು ನರ ಎಳೆಗಳು ಒಂದು ಹಗ್ಗದಂತೆ ಹೊಸೆದುಕೊಂಡು ಕಣ್ಣಿನ ಹಿಂದಿನಿಂದ ಹೊರಡುತ್ತವೆ. ಇದು ದೃಷ್ಟಿನರ. ಎರಡು ಕಣ್ಣಿನ ಎರಡು ಹಗ್ಗಗಳು ಮೆದುಳಿನ ಬುಡದಲ್ಲಿ, ಪಿಟ್ಯುಟರಿ ಗ್ರಂಥಿಯ ತುಸು ಮೇಲೆ ಒಂದಕ್ಕೊಂದು ಸೇರುತ್ತವೆ. ಅಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರ ಕಾಣುತ್ತದೆ. ಈ ಜಂಕ್ಷನ್ನಿನ ಹೆಸರು ಆಪ್ಟಿಕ್ ಕಯಾಸ್ಮ.

ಫಾರ್ವರ್ಡ್ ತಪ್ಪುವುದು ಇಲ್ಲೇ. ಕಯಾಸ್ಮದಲ್ಲಿ ಎಲ್ಲ ಎಳೆಗಳೂ ಆಚೆ ಬದಿಗೆ ದಾಟುವುದಿಲ್ಲ. ಪ್ರತಿ ಕಣ್ಣಿನಲ್ಲಿ ಮೂಗಿನ ಕಡೆಯ ಅರ್ಧ ರೆಟಿನಾದಿಂದ ಬಂದ ಎಳೆಗಳು ಮಾತ್ರ ದಾಟುತ್ತವೆ. ಕಿವಿಯ ಕಡೆಯ ಅರ್ಧದ ಎಳೆಗಳು ದಾಟದೆ ತಮ್ಮ ಬದಿಯಲ್ಲೇ ಮುಂದುವರಿಯುತ್ತವೆ. ಬೆಂಗಳೂರಿಂದ ಬಂದ ರೈಲಿನ ಅರ್ಧ ಬೋಗಿಗಳನ್ನು ಜಂಕ್ಷನ್ನಿನಲ್ಲಿ ಬಿಚ್ಚಿ ಇನ್ನೊಂದು ರೈಲಿಗೆ ಜೋಡಿಸಿದ ಹಾಗೆ.

ಇದರ ಪರಿಣಾಮ ನೋಡಿ. ನಿಮ್ಮ ಎಡಬದಿಯಲ್ಲಿ ಒಂದು ತಳ್ಳುಗಾಡಿ ನಿಂತಿದೆ. ಅದರ ಬಿಂಬ ಎರಡೂ ಕಣ್ಣಿನ ಬಲ ಅರ್ಧ ರೆಟಿನಾದ ಮೇಲೆ ಬೀಳುತ್ತದೆ. ಬಲಗಣ್ಣಿನಲ್ಲಿ ಬಲ ಅರ್ಧ ಎಂದರೆ ಕಿವಿಯ ಕಡೆ, ಅಲ್ಲಿಯ ಎಳೆಗಳು ದಾಟದೆ ಬಲ ಮೆದುಳಿಗೆ ಹೋಗುತ್ತವೆ. ಎಡಗಣ್ಣಿನಲ್ಲಿ ಬಲ ಅರ್ಧ ಎಂದರೆ ಮೂಗಿನ ಕಡೆ, ಅಲ್ಲಿಯ ಎಳೆಗಳು ದಾಟಿ ಬಲ ಮೆದುಳಿಗೇ ಬರುತ್ತವೆ. ಅಂದರೆ ಎರಡೂ ಕಣ್ಣು ಕಂಡ ತಳ್ಳುಗಾಡಿ ಬಲ ಮೆದುಳಿನಲ್ಲಿ ಒಂದಾಗುತ್ತದೆ. ಪ್ರತಿ ಕಣ್ಣಿನ ಸಂಪರ್ಕವೂ ಎರಡೂ ಕಡೆಯ ಮೆದುಳಿಗೆ ಇದೆ. ಬದಲಾಗುವುದು ಕಣ್ಣಲ್ಲ, ನೋಟದ ಬದಿ: ಎಡಬದಿಯ ನೋಟ ಬಲ ಮೆದುಳಿಗೆ, ಬಲಬದಿಯ ನೋಟ ಎಡ ಮೆದುಳಿಗೆ.

ಕಯಾಸ್ಮದಿಂದ ಮುಂದೆ ಎಳೆಗಳು ಮೆದುಳಿನ ನಡುವಿನ ಥಲಾಮಸ್ ಎಂಬ ಠಾಣೆ ತಲುಪಿ ಅಲ್ಲಿ ಹೊಸ ಎಳೆಗಳಿಗೆ ಸುದ್ದಿ ಒಪ್ಪಿಸುತ್ತವೆ. ಆ ಹೊಸ ಎಳೆಗಳು ಬೀಸಣಿಗೆಯಂತೆ ಹರಡಿಕೊಂಡು ಹಿಂದಕ್ಕೆ ಸಾಗುತ್ತವೆ. ಮೇಲ್ಭಾಗದ ನೋಟವನ್ನು ಹೊತ್ತವು ಕಿವಿಯ ಹತ್ತಿರದ ಟೆಂಪೊರಲ್ ಭಾಗದೊಳಗೆ ಬಳಸಿಕೊಂಡು ಹೋಗುತ್ತವೆ. ಕೆಳಭಾಗದ ನೋಟವನ್ನು ಹೊತ್ತವು ನೆತ್ತಿಯ ಹಿಂಬದಿಯ ಪರೈಟಲ್ ಭಾಗದ ಮೂಲಕ ನೇರವಾಗಿ ಹೋಗುತ್ತವೆ. ಕೊನೆಗೆ ಎಲ್ಲವೂ ಹಿಂದಲೆಯ ಆಕ್ಸಿಪಿಟಲ್ ಭಾಗಕ್ಕೆ ಬಂದು ಸೇರುತ್ತವೆ. ನಾವು ‘ಕಂಡೆ’ ಎನ್ನಬೇಕಾದರೆ ಸುದ್ದಿ ಇಲ್ಲಿಗೆ ಬಂದು ಮುಟ್ಟಲೇಬೇಕು. ಕಣ್ಣು ಮುಖದ ಮುಂದಿದೆ, ನೋಟದ ಮನೆ ತಲೆಯ ಹಿಂದಿದೆ.

ದಾರಿ ಎಲ್ಲಿ ಕಡಿದಿದೆ ಎಂದು ತಿಳಿಯುವುದು ಹೇಗೆ?

ಕರೆಂಟ್ ಹೋದಾಗ ನಾವು ಏನು ಮಾಡುತ್ತೇವೆ? ನಮ್ಮ ಮನೆಯಲ್ಲಿ ಮಾತ್ರ ಹೋಗಿದೆಯೋ, ಬೀದಿಗೇ ಹೋಗಿದೆಯೋ ಎಂದು ಇಣುಕಿ ನೋಡುತ್ತೇವೆ. ಕತ್ತಲು ಎಲ್ಲೆಲ್ಲಿದೆ ಎಂಬುದರಿಂದಲೇ ತಂತಿ ಎಲ್ಲಿ ಕಡಿದಿದೆ ಎಂದು ಊಹಿಸುತ್ತೇವೆ. ವೈದ್ಯರು ನೋಟದ ಕತ್ತಲನ್ನೂ ಹೀಗೇ ಓದುತ್ತಾರೆ. ಮೊದಲ ಪ್ರಶ್ನೆ ಒಂದೇ: ಒಂದೊಂದು ಕಣ್ಣನ್ನು ಮುಚ್ಚಿದಾಗ ಏನಾಗುತ್ತದೆ?

ಒಂದು ಕಣ್ಣಿನಲ್ಲಿ ಮಾತ್ರ ಕೊರತೆ ಇದ್ದು, ಆ ಕಣ್ಣು ಮುಚ್ಚಿದರೆ ಉಳಿದದ್ದೆಲ್ಲ ಸರಿ ಕಂಡರೆ, ತೊಂದರೆ ಕಯಾಸ್ಮಕ್ಕಿಂತ ಮುಂಚೆ, ಅಂದರೆ ಆ ಕಣ್ಣಿನಲ್ಲಿ ಅಥವಾ ಅದರ ದೃಷ್ಟಿನರದಲ್ಲಿ ಇದೆ. ರೆಟಿನಾ ಕಳಚಿಕೊಂಡರೆ ಒಂದು ಕಣ್ಣಿಗೆ ಪರದೆ ಇಳಿದಂತೆ ಅನಿಸುವುದು ಇಂಥದ್ದು. ದೃಷ್ಟಿನರ ಊದಿಕೊಂಡರೆ ಆ ಕಣ್ಣಿನ ಬಣ್ಣಗಳು ಸಪ್ಪೆಯಾಗುತ್ತವೆ, ಕೆಂಪು ಕುಂಕುಮ ಒಂದು ಕಣ್ಣಿಗೆ ಗಾಢವಾಗಿಯೂ ಇನ್ನೊಂದಕ್ಕೆ ತೊಳೆದಂತೆಯೂ ಕಾಣಬಹುದು.

ಎರಡೂ ಕಣ್ಣಿನಲ್ಲಿ ಹೊರಬದಿ ಹೋಗಿದ್ದರೆ, ಅಂದರೆ ಬಲಗಣ್ಣಿಗೆ ಬಲಬದಿ, ಎಡಗಣ್ಣಿಗೆ ಎಡಬದಿ ಕಾಣದಿದ್ದರೆ, ಬೆರಳು ನೇರ ಕಯಾಸ್ಮದತ್ತ ತೋರುತ್ತದೆ. ಕಾರಣ, ಅಲ್ಲಿ ದಾಟುವುದು ಮೂಗಿನ ಕಡೆಯ ರೆಟಿನಾದ ಎಳೆಗಳು, ಅವು ನೋಡುವುದು ಹೊರಬದಿಯನ್ನು. ಕುದುರೆಗೆ ಕಣ್ಣುಪಟ್ಟಿ ಕಟ್ಟಿದಂತೆ ಎದುರಿನದು ಮಾತ್ರ ಉಳಿಯುತ್ತದೆ. ದೊಡ್ಡವರಲ್ಲಿ ಇದಕ್ಕೆ ಸಾಮಾನ್ಯ ಕಾರಣ ಕೆಳಗಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆಯುವ ಗಡ್ಡೆ. ಅದು ಕೆಳಗಿನಿಂದ ಒತ್ತುವುದರಿಂದ ಮೊದಲು ಕೆಳಗಿನ ಎಳೆಗಳು ಸೋಲುತ್ತವೆ. ಬಿಂಬ ತಲೆಕೆಳಗಾಗಿರುತ್ತದೆ ಎಂದೆವಲ್ಲ, ಹಾಗಾಗಿ ಮೊದಲು ಮರೆಯಾಗುವುದು ಹೊರಬದಿಯ ಮೇಲ್ಭಾಗ. ಈ ಗಡ್ಡೆಗಳು ಬಹುಪಾಲು ಕ್ಯಾನ್ಸರ್ ಅಲ್ಲ. ಕೆಲವು ಬಗೆಯವು ಮಾತ್ರೆಗೇ ಕುಗ್ಗುತ್ತವೆ. ಮುಟ್ಟು ನಿಲ್ಲುವುದು, ಬಸುರಿಯಲ್ಲದಿದ್ದರೂ ಎದೆಹಾಲು ಬರುವುದು, ಉಂಗುರ ಚಪ್ಪಲಿಗಳು ಬಿಗಿಯಾಗುತ್ತ ಹೋಗುವುದು ಜೊತೆಗಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಎರಡೂ ಕಣ್ಣಿನಲ್ಲಿ ಒಂದೇ ಬದಿ ಹೋಗಿದ್ದರೆ, ನಮ್ಮ ಮೇಷ್ಟ್ರಿಗೆ ಆದಂತೆ, ತೊಂದರೆ ಕಯಾಸ್ಮದ ಹಿಂದೆ, ಎದುರು ಬದಿಯ ಮೆದುಳಿನಲ್ಲಿ ಇದೆ. ಎಡಬದಿಯ ನೋಟ ಹೋಗಿದೆ ಎಂದರೆ ಬಲ ಮೆದುಳು.

ಬಲ ಮೆದುಳಿನಲ್ಲಿ ಎಲ್ಲಿ?

ಇಲ್ಲಿಂದ ಮುಂದೆ ಕೊರತೆಯ ಆಕಾರ ಸುಳಿವು ಕೊಡುತ್ತದೆ. ಎಡಬದಿಯ ಮೇಲಿನ ಕಾಲುಭಾಗ ಮಾತ್ರ ಹೋಗಿದ್ದರೆ ಬಲ ಟೆಂಪೊರಲ್ ಭಾಗದಲ್ಲಿ ಬಳಸಿ ಹೋಗುವ ಎಳೆಗಳ ಮೇಲೆ ಅನುಮಾನ. ಮೂರ್ಛೆರೋಗಕ್ಕಾಗಿ ಆ ಭಾಗದ ಶಸ್ತ್ರಚಿಕಿತ್ಸೆ ಆದವರಲ್ಲಿ ಕೆಲವರಿಗೆ ಇದೇ ಕಾಲುಭಾಗ ಮಸುಕಾಗುತ್ತದೆ. ಕೆಳಗಿನ ಕಾಲುಭಾಗ ಹೋಗಿದ್ದರೆ ಪರೈಟಲ್ ಭಾಗದತ್ತ ನೋಡಬೇಕು. ಅಂಥವರು ಮೆಟ್ಟಿಲು, ಹೊಸ್ತಿಲು ಎಡವುತ್ತಾರೆ.

ಮೇಷ್ಟ್ರಿಗೆ ಎಡಬದಿಯ ಮೇಲೂ ಕೆಳಗೂ ಹೋಗಿತ್ತು, ಆದರೆ ನಟ್ಟನಡುವಿನ ನೋಟ ಉಳಿದಿತ್ತು. ಆದ್ದರಿಂದಲೇ ಅಕ್ಷರಗಳ ಪಟ್ಟಿಯನ್ನು ಕೊನೆಯವರೆಗೂ ಓದಿದರು. ಎರಡೂ ಕಣ್ಣಿನ ಕೊರತೆಯ ಆಕಾರ ಒಂದರ ಮೇಲೊಂದು ಇಟ್ಟಂತೆ ತಾಳೆಯಾಗುತ್ತಿತ್ತು. ಈ ಎರಡೂ ಲಕ್ಷಣ ಸೇರಿದರೆ ಅನುಮಾನ ಹಿಂದಲೆಯ ಕಡೆ ಹೋಗುತ್ತದೆ. ದಾರಿ ಹಿಂದಕ್ಕೆ ಹೋದಂತೆ ಎರಡು ಕಣ್ಣಿನ ಎಳೆಗಳು ಹೆಚ್ಚು ಅಚ್ಚುಕಟ್ಟಾಗಿ ಜೊತೆಗೂಡುತ್ತವೆ, ಹಾಗಾಗಿ ಅಲ್ಲಿ ಪೆಟ್ಟಾದರೆ ಎರಡೂ ಕಣ್ಣಿಗೆ ಒಂದೇ ಆಕಾರದ ಕೊರತೆ. ಇನ್ನು ನಟ್ಟನಡುವಿನ ನೋಟಕ್ಕೆ ಮೀಸಲಾದ ಜಾಗ ಹಿಂದಲೆಯ ತುದಿಯಲ್ಲಿದೆ, ಅದು ದೊಡ್ಡದು. ಅನೇಕರಲ್ಲಿ ಆ ತುದಿಗೆ ಎರಡು ಬೇರೆ ರಕ್ತನಾಳಗಳಿಂದ ರಕ್ತ ಬರುತ್ತದೆ. ಹಿಂಬದಿಯ ರಕ್ತನಾಳ ಕಟ್ಟಿಕೊಂಡರೂ ಇನ್ನೊಂದು ಆ ತುದಿಯನ್ನು ಉಳಿಸಿಕೊಳ್ಳಬಹುದು.

ಈ ನಕಾಶೆ ನಮಗೆ ಸಿಕ್ಕಿದ್ದು ಯುದ್ಧಗಳಿಂದ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ತಗುಲಿ ಬದುಕುಳಿದ ಸೈನಿಕರಿಗೆ ಎಷ್ಟು ದೃಷ್ಟಿ ಹೋಗಿದೆ, ಎಷ್ಟು ಪಿಂಚಣಿ ಕೊಡಬೇಕು ಎಂದು ಅಳೆಯುವ ಕೆಲಸ ತತ್ಸುಜಿ ಇನೋಯೆ ಎಂಬ ಕಣ್ಣಿನ ವೈದ್ಯರ ಪಾಲಿಗೆ ಬಂತು. ಆಗಿನ ಹೊಸ ಬಂದೂಕಿನ ಸಣ್ಣ, ವೇಗದ ಗುಂಡುಗಳು ತಲೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ನೇರವಾಗಿ ಹೊರಬರುತ್ತಿದ್ದವು. ಹೊಕ್ಕ ಜಾಗ, ಹೊರಬಿದ್ದ ಜಾಗ ಎರಡನ್ನೂ ಅಳೆದು ಗುಂಡು ಹಾದ ದಾರಿಯನ್ನು ಇನೋಯೆ ಲೆಕ್ಕ ಹಾಕಿದರು, ಅದನ್ನು ಆ ಸೈನಿಕ ಕಳೆದುಕೊಂಡ ನೋಟಕ್ಕೆ ಹೋಲಿಸಿದರು. 1909ರಲ್ಲಿ ಪ್ರಕಟಿಸಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಗಾರ್ಡನ್ ಹೋಮ್ಸ್ ಗಾಯಾಳುಗಳನ್ನು ಪರೀಕ್ಷಿಸಿ ಈ ನಕಾಶೆಯನ್ನು ಇನ್ನಷ್ಟು ವಿವರವಾಗಿ ಬರೆದರು. ಎಂಆರ್‌ಐ ಬರುವ ಎಷ್ಟೋ ದಶಕ ಮೊದಲೇ, ಯಾವ ನೋಟ ಹೋಗಿದೆ ಎಂದು ಕೇಳಿ ಪೆಟ್ಟು ಎಲ್ಲಿದೆ ಎಂದು ಹೇಳಲು ಸಾಧ್ಯವಾಗಿತ್ತು.

ಮೇಷ್ಟ್ರಿಗೆ ಆಗಿದ್ದೇನು?

ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದಾಗ ಬಲಬದಿಯ ಹಿಂದಲೆಗೆ ರಕ್ತ ಕೊಡುವ ನಾಳ ಕಟ್ಟಿಕೊಂಡಿದ್ದು ಕಂಡಿತು. ಅದು ಸ್ಟ್ರೋಕ್. ಈ ನಾಳದ ಹಾದಿಯಲ್ಲಿ ಕೈಕಾಲು ಆಡಿಸುವ, ಮಾತಾಡಿಸುವ ಭಾಗಗಳು ಮುಖ್ಯವಾಗಿ ಬರುವುದಿಲ್ಲ. ಆದ್ದರಿಂದಲೇ ಬಾಯಿ ಸೊಟ್ಟಗಾಗಲಿಲ್ಲ, ಕೈ ಜೋಲಲಿಲ್ಲ. ‘ಮುಖ, ಕೈ, ಮಾತು ನೋಡಿ’ ಎಂಬ ಸ್ಟ್ರೋಕ್ ಫಾರ್ವರ್ಡ್ ಉಪಯುಕ್ತವೇ, ಆದರೆ ಇಂಥ ಸ್ಟ್ರೋಕ್ ಅದರ ಕೈಗೆ ಸಿಗುವುದಿಲ್ಲ. ಅದಕ್ಕೇ ಈಗ ಆ ಪಟ್ಟಿಗೆ ದೃಷ್ಟಿ ಮತ್ತು ಸಮತೋಲ ಎಂಬ ಇನ್ನೆರಡನ್ನು ಸೇರಿಸಿ ಹೇಳುವುದು ರೂಢಿಯಾಗಿದೆ.

ರಕ್ತದ ಗೆಡ್ಡೆಯನ್ನು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಮೇಷ್ಟ್ರು ಬಂದಿದ್ದು ಮೂರನೇ ದಿನ. ಆ ಅವಕಾಶ ಮೀರಿತ್ತು. ಆದರೂ ಬಂದದ್ದು ವ್ಯರ್ಥವಾಗಲಿಲ್ಲ. ಇಸಿಜಿಯಲ್ಲಿ ಹೃದಯದ ಬಡಿತ ಲಯ ತಪ್ಪಿರುವುದು ಕಂಡಿತು. ಹಾಗಿದ್ದಾಗ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಶುರು ಮಾಡಿದರು. ಮುಂದಿನ ಸ್ಟ್ರೋಕ್ ಕೈಕಾಲನ್ನೋ ಮಾತನ್ನೋ ಕಿತ್ತುಕೊಳ್ಳದಂತೆ ತಡೆಯುವ ದಾರಿ ಅದು.

ಹೋದ ನೋಟ ಮರಳುತ್ತದೆಯೇ? ತಾನಾಗಿ ಚೇತರಿಸಿಕೊಳ್ಳುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ, ಅದೂ ಹಲವರಲ್ಲಿ ಭಾಗಶಃ. ಕಣ್ಣಿನ ಹನಿಯಾಗಲಿ, ಹೊಸ ಕನ್ನಡಕವಾಗಲಿ, ‘ಕಣ್ಣಿನ ವ್ಯಾಯಾಮ’ದ ವಿಡಿಯೋ ಆಗಲಿ ಸತ್ತ ಮೆದುಳಿನ ಭಾಗವನ್ನು ಎಬ್ಬಿಸುವುದಿಲ್ಲ. ಆದರೆ ಬೇಕೆಂದೇ ಎಡಕ್ಕೆ ಕಣ್ಣು ಹೊರಳಿಸಿ ಹುಡುಕುವ ತರಬೇತಿಯಿಂದ ನಡೆಯುವುದು, ಓದುವುದು ಸುಲಭವಾಗಬಹುದು. ಪೇಪರಿನ ಎಡ ಅಂಚಿಗೆ ಒಂದು ಕೆಂಪು ಪಟ್ಟಿ ಇಟ್ಟು, ಅದು ಕಾಣುವವರೆಗೂ ಕಣ್ಣನ್ನು ಎಡಕ್ಕೆ ತರುವುದು ಇಂಥ ಒಂದು ಉಪಾಯ. ವೈದ್ಯರು ಒಪ್ಪುವವರೆಗೆ ಸ್ಕೂಟರ್ ಕೀ ಮಗಳ ಹತ್ತಿರವೇ.

ರೋಗಿಗೇ ಏಕೆ ಗೊತ್ತಾಗುವುದಿಲ್ಲ?

ಅರ್ಧ ನೋಟ ಹೋದರೂ ಮೇಷ್ಟ್ರು ‘ಮಂಜು’ ಎಂದಷ್ಟೇ ಹೇಳಿದ್ದೇಕೆ ಎಂದು ನಿಮಗೆ ಅನಿಸಿರಬಹುದು. ಅವರು ಸುಳ್ಳು ಹೇಳಲಿಲ್ಲ. ಹೋದ ಭಾಗ ಕಪ್ಪಗೆ ಕಾಣುವುದಿಲ್ಲ. ಈಗ ನಿಮ್ಮ ಬೆನ್ನ ಹಿಂದೆ ಏನು ಕಾಣುತ್ತಿದೆ? ಕಪ್ಪು ಕಾಣುತ್ತಿಲ್ಲ, ಅಲ್ಲಿ ‘ಕಾಣುವುದು’ ಎಂಬುದೇ ಇಲ್ಲ. ಅವರ ಎಡಬದಿಯೂ ಹಾಗೇ ಆಗಿತ್ತು. ಜೊತೆಗೆ ಎರಡೂ ಕಣ್ಣು ತೆರೆದಿರುವಾಗ ಎಡಬದಿ ಎಂದರೆ ಎಡಗಣ್ಣು ಎಂದೇ ಯಾರಿಗಾದರೂ ಅನಿಸುತ್ತದೆ.

ಮನೆಯಲ್ಲಿ ನೋಡುವುದು ಹೇಗೆ, ಎಷ್ಟರ ಮಟ್ಟಿಗೆ ನಂಬಬಹುದು?

ಮಗಳು ಮಾಡಿದ್ದನ್ನು ನೀವೂ ಮಾಡಬಹುದು. ಎದುರುಬದುರು ಒಂದು ತೋಳಿನ ದೂರದಲ್ಲಿ, ಇಬ್ಬರ ಕಣ್ಣು ಒಂದೇ ಎತ್ತರದಲ್ಲಿರುವಂತೆ ಕೂರಿ. ಅವರು ಎಡಗಣ್ಣು ಮುಚ್ಚಲಿ, ನೀವು ಬಲಗಣ್ಣು ಮುಚ್ಚಿ. ಅವರು ನಿಮ್ಮ ಮೂಗನ್ನೇ ನೋಡುತ್ತಿರಲಿ. ಇಬ್ಬರ ನಡುವೆ ಕೈ ಚಾಚಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ಮೂಲೆಯಲ್ಲಿ ಒಂದೋ ಎರಡೋ ಬೆರಳು ತೋರಿಸಿ ಎಷ್ಟು ಎಂದು ಕೇಳಿ. ನಿಮಗೆ ಕಂಡು ಅವರಿಗೆ ಕಾಣದಿದ್ದರೆ ಅದು ಗಮನಿಸಬೇಕಾದ ಸಂಗತಿ. ಆಮೇಲೆ ಇನ್ನೊಂದು ಕಣ್ಣಿಗೆ ಇದನ್ನೇ ಮಾಡಿ.

ಆದರೆ ಇದು ಒರಟು ಪರೀಕ್ಷೆ. ಸಣ್ಣ ಕೊರತೆಗಳು ಇದರಲ್ಲಿ ತಪ್ಪಿಹೋಗುತ್ತವೆ, ಶುರುವಿನ ಗ್ಲಾಕೋಮ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಹಾಗಾಗಿ ಇದರಲ್ಲಿ ಎಲ್ಲ ಸರಿ ಬಂತೆಂದು ತೊಂದರೆಯೇ ಇಲ್ಲ ಎಂದುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಯಂತ್ರದೊಳಗೆ ಚುಕ್ಕಿ ಬೆಳಕು ತೋರಿಸಿ ನೋಟದ ನಕಾಶೆ ತೆಗೆಯುತ್ತಾರೆ. ಅದರಲ್ಲೂ ಒಂದು ಮಿತಿ ಇದೆ. ಎರಡೂ ಕಣ್ಣಿನಲ್ಲಿ ಒಂದು ಬದಿ ಪೂರ್ತಿ ಹೋಗಿದ್ದರೆ ಪೆಟ್ಟು ಕಯಾಸ್ಮದ ಹಿಂದಿದೆ ಎನ್ನಬಹುದೇ ಹೊರತು, ಇಂಥದ್ದೇ ಜಾಗ ಎನ್ನಲು ಸ್ಕ್ಯಾನ್ ಬೇಕು.

ಮೈಗ್ರೇನ್ ಇರುವವರಿಗೆ ಒಂದು ಮಾತು. ಒಂದು ಬದಿಯಲ್ಲಿ ಮಿನುಗುವ ಅಂಕುಡೊಂಕು ಗೆರೆ ಶುರುವಾಗಿ ನಿಧಾನಕ್ಕೆ ಹರಡಿ ಒಂದು ಗಂಟೆಯೊಳಗೆ ಮಾಯವಾಗುವುದುಂಟು. ಅದೂ ಹಿಂದಲೆಯ ಆಟವೇ. ಆದರೆ ಇದೇ ಮೊದಲ ಸಲವಾದರೆ, ಅಥವಾ ಮಿನುಗಿಲ್ಲದೆ ನೋಟ ಥಟ್ಟನೆ ಹೋದರೆ ಮೈಗ್ರೇನ್ ಎಂದು ನೀವೇ ತೀರ್ಮಾನಿಸಬೇಡಿ.

ಹಾಗಾದರೆ ಆ ಫಾರ್ವರ್ಡ್?

ತಪ್ಪು. ಬಲಗಣ್ಣು ಎಡ ಮೆದುಳಿಗೆ ಮಾತ್ರ ಸೇರಿದ್ದಲ್ಲ. ಎರಡೂ ಕಣ್ಣಿನ ಎಡನೋಟ ಬಲ ಮೆದುಳಿಗೆ, ಬಲನೋಟ ಎಡ ಮೆದುಳಿಗೆ ಹೋಗುತ್ತದೆ.

ಫಾರ್ವರ್ಡ್ ಮಾಡಲೇಬೇಕಿದ್ದರೆ ಇದನ್ನು ಮಾಡಿ: ಯಾರಾದರೂ ಇದ್ದಕ್ಕಿದ್ದಂತೆ “ಒಂದು ಕಣ್ಣು ಕಾಣುತ್ತಿಲ್ಲ” ಎಂದರೆ ಒಂದೊಂದೇ ಕಣ್ಣು ಮುಚ್ಚಿಸಿ ನೋಡಿ. ಎರಡರಲ್ಲೂ ಒಂದೇ ಬದಿ ಕಾಣದಿದ್ದರೆ ಅದು ಕನ್ನಡಕದ ಅಂಗಡಿಯ ಕೆಲಸವಲ್ಲ. ಕೊನೆಯದಾಗಿ ಎಷ್ಟು ಗಂಟೆಗೆ ಸರಿಯಾಗಿ ಕಾಣುತ್ತಿತ್ತು ಎಂದು ಬರೆದಿಟ್ಟುಕೊಂಡು, 108ಕ್ಕೆ ಕರೆ ಮಾಡಿ ಅಥವಾ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ. ಒಂದೇ ಕಣ್ಣಿನಲ್ಲಿ ಥಟ್ಟನೆ ದೃಷ್ಟಿ ಹೋಗಿದ್ದರೂ ನಾಳೆಗೆ ಮುಂದೂಡದೆ ಅಂದೇ ಆಸ್ಪತ್ರೆಗೆ ಹೋಗಬೇಕು.